ಗೆರೆ ಗ್ರಾಫನ್ನು ಬಾಯಿಂದ ಹೇಳುವುದು ಹೇಗೆ: ತೊಗರಿ ಬೆಂಬಲ ಬೆಲೆಯನ್ನೇ ಇಟ್ಟುಕೊಂಡು ಒಂದು ಪಾಠ

ನಮ್ಮ ಕಲಬುರಗಿ ಕಡೆಯ ರೈತರ ಸಭೆಗಳಲ್ಲಿ ಪರದೆಯ ಮೇಲೆ ಗ್ರಾಫ್ ಬಂದ ಕೂಡಲೇ ಮಾತಾಡುವವರ ಬಾಯಲ್ಲಿ ಬರುವ ಮಾತು ಒಂದೇ: "ನೋಡ್ರಿ, ಇಲ್ಲಿಂದ ಇಲ್ಲಿಗೆ ಹ್ಯಾಂಗ ಏರ್ಯದ." ಶಾಮಿಯಾನದ ಅಂಚಿನಿಂದ ಬಿಸಿಲು ಬಿದ್ದು ಪರದೆ ಬೆಳ್ಳಗಾಗಿರುತ್ತದೆ. ಹಿಂದೆ ಕುಳಿತವರಿಗೆ ಗೆರೆಯೂ ಕಾಣದು, ತೋರಿಸುವ ಕೋಲೂ ಕಾಣದು. ಫೋನಿನಲ್ಲಿ ಕೇಳುತ್ತಿರುವವರಿಗೆ, ರೇಡಿಯೋ ಮುಂದೆ ಕುಳಿತವರಿಗೆ, ದೃಷ್ಟಿಯಿಲ್ಲದ ವಿದ್ಯಾರ್ಥಿಗೆ "ಇಲ್ಲಿಂದ ಇಲ್ಲಿಗೆ" ಎಂಬ ಮಾತಿನಿಂದ ಏನೂ ದಕ್ಕುವುದಿಲ್ಲ.

ಇದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಹೋಗುತ್ತಾರೆ. ಗ್ರಾಫಿನಲ್ಲಿರುವ ಎಲ್ಲ ಅಂಕಿಗಳನ್ನೂ ಒಂದರ ಹಿಂದೊಂದು ಓದಿಬಿಡುತ್ತಾರೆ. ಐದನೆಯ ಅಂಕಿ ಬರುವಷ್ಟರಲ್ಲಿ ಕೇಳುವವರಿಗೆ ಎರಡನೆಯದು ಮರೆತಿರುತ್ತದೆ. ಗೆರೆ ಗ್ರಾಫ್ ಬರೆಯುವುದೇ ಏರಿಳಿತ ತೋರಿಸಲಿಕ್ಕೆ. ಎಲ್ಲಿ ಕಡಿದಾಗಿ ಏರಿತು, ಎಲ್ಲಿ ನಿಧಾನವಾಯಿತು, ಎಲ್ಲಿ ತಿರುಗಿತು ಎಂಬುದನ್ನು ಹೇಳದೆ ಬರೀ ಚುಕ್ಕೆಗಳ ಬೆಲೆ ಓದಿದರೆ ಅದು ಪಟ್ಟಿ ಓದಿದಂತಾಯಿತೇ ಹೊರತು ಗ್ರಾಫ್ ಹೇಳಿದಂತಾಗಲಿಲ್ಲ. ಕಂಬದ ಗ್ರಾಫನ್ನಾಗಲಿ ಪೈ ಚಿತ್ರವನ್ನಾಗಲಿ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿಯಂತೆ ಓದಿದರೂ ಬಹುಪಾಲು ನಡೆಯುತ್ತದೆ. ಕಷ್ಟ ಇರುವುದು ಗೆರೆಯಲ್ಲಿ. ಅದಕ್ಕೇ ಇಲ್ಲಿ ಗೆರೆ ಗ್ರಾಫೊಂದನ್ನೇ ಹಿಡಿದಿದ್ದೇನೆ.

ಹಿಡಿದಿರುವ ಉದಾಹರಣೆ

ತೊಗರಿಗೆ ಕೇಂದ್ರ ಸರ್ಕಾರ ಘೋಷಿಸುವ ಕನಿಷ್ಠ ಬೆಂಬಲ ಬೆಲೆಯನ್ನೇ ತಗೊಳ್ಳೋಣ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಕಡೆ ಇದು ಮನೆಮನೆಯ ಮಾತು. 2015–16ರಿಂದ 2025–26ರವರೆಗೆ, ಕ್ವಿಂಟಲ್‌ಗೆ ಇಷ್ಟು ರೂಪಾಯಿ:

| ಹಂಗಾಮು | ಬೆಂಬಲ ಬೆಲೆ | ಹಿಂದಿನ ವರ್ಷಕ್ಕಿಂತ ಹೆಚ್ಚು |
|---|---|---|
| 2015–16 | 4,625 | – |
| 2016–17 | 5,050 | 425 |
| 2017–18 | 5,450 | 400 |
| 2018–19 | 5,675 | 225 |
| 2019–20 | 5,800 | 125 |
| 2020–21 | 6,000 | 200 |
| 2021–22 | 6,300 | 300 |
| 2022–23 | 6,600 | 300 |
| 2023–24 | 7,000 | 400 |
| 2024–25 | 7,550 | 550 |
| 2025–26 | 8,000 | 450 |

ಮೂರನೆಯ ಕಾಲಂ ಗ್ರಾಫಿನಲ್ಲಿ ಇರುವುದಿಲ್ಲ, ಅದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಮೊದಲ ಕೆಲಸವೇ ಅದು.

ಬಾಯಿ ತೆರೆಯುವ ಮುಂಚೆ: ಗೆರೆ ಎಲ್ಲಿ ಬಾಗಿದೆ ನೋಡಿ

ಗ್ರಾಫಿನ ಗೆರೆಯ ಮೇಲೆ ಎಡದಿಂದ ಬಲಕ್ಕೆ ಬೆರಳು ಎಳೆಯಿರಿ. ಇಳಿಜಾರು ಬದಲಾದದ್ದು ಕಂಡ ಕಡೆ ಪೆನ್ಸಿಲಿನಿಂದ ಗುರುತು ಹಾಕಿ. ನಮ್ಮ ಗೆರೆಯಲ್ಲಿ ಇಂಥ ಗುರುತು ಎರಡೇ ಬರುತ್ತವೆ. 2017–18ರವರೆಗೆ ಗೆರೆ ಕಡಿದಾಗಿದೆ. ಅಲ್ಲಿಂದ 2020–21ರವರೆಗೆ ಮೂರು ವರ್ಷ ಮೆತ್ತಗಾಗಿದೆ. ಆಮೇಲಿನ ಐದು ವರ್ಷ ಮತ್ತೆ ಎದ್ದಿದೆ. ಮೂರು ತುಂಡು. ಮೊದಲ ಎರಡು ವರ್ಷದಲ್ಲಿ 825 ರೂಪಾಯಿ ಹೆಚ್ಚಿತು, ನಡುವಿನ ಮೂರು ವರ್ಷದಲ್ಲಿ 550, ಕೊನೆಯ ಐದು ವರ್ಷದಲ್ಲಿ 2,000. ಮೂರೂ ಕೂಡಿದರೆ 3,375. 4,625ಕ್ಕೆ ಸೇರಿಸಿದರೆ 8,000 ಬರಬೇಕು. ಬಂತು. ಈ ಕೂಡಿಕೆ ತಾಳೆಯಾಗದಿದ್ದರೆ ಎಲ್ಲೋ ಒಂದು ಚುಕ್ಕೆಯನ್ನು ತಪ್ಪು ಓದಿದ್ದೀರಿ ಎಂದರ್ಥ.

ತುಂಡು ಮಾಡುವಾಗ ವರ್ಷಗಳನ್ನು ಸಮನಾಗಿ ಹಂಚಬೇಡಿ. "ಮೊದಲ ಐದು ವರ್ಷ, ಕೊನೆಯ ಐದು ವರ್ಷ" ಎಂದು ಕತ್ತರಿಸಿದರೆ ಮೊದಲ ಅರ್ಧದಲ್ಲಿ 1,375, ಎರಡನೆಯ ಅರ್ಧದಲ್ಲಿ 2,000 ಎಂದಾಗುತ್ತದೆ. ಲೆಕ್ಕ ಸರಿಯೇ, ಆದರೆ ಆರಂಭದ ಜೋರು ಏರಿಕೆ ನಡುವಿನ ನಿಧಾನದೊಳಗೆ ಕರಗಿಹೋಗುತ್ತದೆ. ಕೇಳಿದವರ ತಲೆಯಲ್ಲಿ "ಮೊದಲು ನಿಧಾನ, ಆಮೇಲೆ ಜೋರು" ಎಂಬ ಬೇರೆಯದೇ ಗೆರೆ ಮೂಡುತ್ತದೆ. ಗೆರೆ ಬಾಗಿದಲ್ಲಿ ಕತ್ತರಿಸಿ, ಕ್ಯಾಲೆಂಡರ್ ಹೇಳಿದಲ್ಲಿ ಅಲ್ಲ.

ತುಂಡುಗಳು ನಾಲ್ಕಕ್ಕಿಂತ ಹೆಚ್ಚಾದರೆ ಕಿವಿಗೆ ಭಾರ. ಮಾರುಕಟ್ಟೆ ಧಾರಣೆಯಂಥ ಹಲ್ಲುಹಲ್ಲು ಗೆರೆಯಲ್ಲಿ ಇಪ್ಪತ್ತು ತಿರುವು ಇರಬಹುದು. ಅಲ್ಲಿ ಚಿಕ್ಕಪುಟ್ಟ ಹಲ್ಲುಗಳನ್ನು ಬಿಟ್ಟು ಒಟ್ಟು ದಿಕ್ಕನ್ನು ಮಾತ್ರ ತುಂಡು ಮಾಡಿ, ಬಿಟ್ಟದ್ದನ್ನು "ನಡುನಡುವೆ ನೂರಿನ್ನೂರು ರೂಪಾಯಿ ಏರಿಳಿತ ಇದ್ದೇ ಇದೆ" ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸಿ.

ಮೊದಲು ಚೌಕಟ್ಟು, ಆಮೇಲೆ ಗೆರೆ

ಕೇಳುವವರು ಮನಸ್ಸಿನಲ್ಲಿ ಗೆರೆ ಎಳೆಯಬೇಕಾದರೆ ಮೊದಲು ಹಾಳೆ ಬೇಕು. ಆ ಹಾಳೆಯನ್ನು ಎರಡು ಮೂರು ಚಿಕ್ಕ ವಾಕ್ಯಗಳಲ್ಲಿ ಹಾಸಿ. ಇದು ಯಾವ ಬಗೆಯ ಗ್ರಾಫ್, ಯಾತರದ್ದು, ಎಷ್ಟು ಗೆರೆ, ಎಡದಲ್ಲಿ ಯಾವ ವರ್ಷ, ಬಲದಲ್ಲಿ ಯಾವ ವರ್ಷ, ಬೆಲೆ ಯಾವ ಅಳತೆಯಲ್ಲಿದೆ. ಇಷ್ಟು ಸಾಕು. "ನೀಲಿ ಗೆರೆ" ಎನ್ನುವ ಅಗತ್ಯವಿಲ್ಲ. ಪರದೆ ಕಾಣುವ ಕೆಲವರು ಮುಂದೆ ಇದ್ದರೆ ಅವರಿಗಾಗಿ ಬಣ್ಣ ಒಮ್ಮೆ ಹೇಳಬಹುದು, ಆದರೆ ಆಮೇಲೆ ಗೆರೆಯನ್ನು ಬಣ್ಣದಿಂದ ಕರೆಯದೆ ಅದರ ಹೆಸರಿನಿಂದಲೇ ಕರೆಯಿರಿ.

ಚೌಕಟ್ಟಿನಲ್ಲಿ ಎಲ್ಲರೂ ಬಿಡುವ ಒಂದು ವಿಷಯವಿದೆ: ನಿಂತ ಅಕ್ಷ ಎಲ್ಲಿಂದ ಶುರುವಾಗಿದೆ ಎಂಬುದು. ಇಂಥ ಗ್ರಾಫುಗಳಲ್ಲಿ ಅದು ಸೊನ್ನೆಯಿಂದ ಶುರುವಾಗದೆ 4,000ದಿಂದ ಶುರುವಾಗಿ 8,000ಕ್ಕೆ ಮುಗಿಯುವುದು ಸಾಮಾನ್ಯ. ಹಾಗಿದ್ದಾಗ ಮೊದಲ ಚುಕ್ಕೆ ಕೆಳಗಿನ ಅಂಚಿನಿಂದ 625 ರೂಪಾಯಿಯಷ್ಟು ಮೇಲೆ, ಕೊನೆಯ ಚುಕ್ಕೆ 4,000 ರೂಪಾಯಿಯಷ್ಟು ಮೇಲೆ ಇರುತ್ತದೆ. ಕಣ್ಣಿಗೆ ಆರು ಪಟ್ಟು ಏರಿದಂತೆ ಕಾಣುತ್ತದೆ. ನಿಜಕ್ಕೂ ಬೆಲೆ ಒಂದೂಮುಕ್ಕಾಲು ಪಟ್ಟು ಕೂಡ ಆಗಿಲ್ಲ. ನೋಡುವವರು ಬದಿಯ ಅಂಕಿ ಓದಿ ತಿದ್ದಿಕೊಳ್ಳಬಹುದು. ಕೇಳುವವರಿಗೆ ಆ ಅವಕಾಶವಿಲ್ಲ. ನೀವು ಪರದೆ ನೋಡುತ್ತಾ "ಗೆರೆ ಕೆಳಗಿನಿಂದ ಹೋಗಿ ತುತ್ತತುದಿಗೆ ಮುಟ್ಟಿದೆ" ಎಂದರೆ ಅವರು ಆ ಆರು ಪಟ್ಟನ್ನೇ ನಂಬುತ್ತಾರೆ. ಹಾಗಾಗಿ "ಗ್ರಾಫಿನ ತಳ ನಾಲ್ಕು ಸಾವಿರ, ಸೊನ್ನೆಯಲ್ಲ" ಎಂದು ಮೊದಲೇ ಹೇಳಿ. ಎತ್ತರವನ್ನು ಬಣ್ಣಿಸುವಾಗ ಪರದೆಯ ಎತ್ತರಕ್ಕಿಂತ ರೂಪಾಯಿಯನ್ನೇ ಆಧಾರ ಮಾಡಿಕೊಳ್ಳಿ.

ಗ್ರಾಫಿನ ಕೆಳಗೆ ಚಿಕ್ಕ ಅಕ್ಷರದ ಟಿಪ್ಪಣಿ ಇದ್ದರೆ ಅದೂ ಚೌಕಟ್ಟಿಗೇ ಸೇರಿದ್ದು. ನಮ್ಮ ಅಂಕಿಗಳಲ್ಲಿ ಮೊದಲ ಮೂರು ವರ್ಷದ ಬೆಲೆಯಲ್ಲಿ ಬೋನಸ್ ಸೇರಿದೆ: 2015–16ರಲ್ಲಿ 200, 2016–17ರಲ್ಲಿ 425, 2017–18ರಲ್ಲಿ 200 ರೂಪಾಯಿ. ಇನ್ನೊಬ್ಬರು ಬೋನಸ್ ಬಿಟ್ಟು ಗ್ರಾಫ್ ಬರೆದಿದ್ದರೆ ಗೆರೆಯ ಎಡತುದಿ ಬೇರೆಯೇ ಕಾಣುತ್ತದೆ. ಕೇಳುವವರಲ್ಲಿ ಒಬ್ಬರಾದರೂ ಆ ಗ್ರಾಫ್ ಬಗ್ಗೆ ಕೇಳಿರುತ್ತಾರೆ.

ಇಡೀ ಗೆರೆ ಒಂದೇ ವಾಕ್ಯದಲ್ಲಿ

ಚೌಕಟ್ಟು ಆದ ಮೇಲೆ ತುಂಡುಗಳಿಗೆ ಇಳಿಯುವ ಮೊದಲು ಒಟ್ಟು ಆಕಾರ ಹೇಳಬೇಕು. ಎಲ್ಲಿಂದ ಶುರು, ಎಲ್ಲಿ ಮುಗಿದಿದೆ, ನಡುವೆ ಇಳಿದಿದೆಯೋ ಇಲ್ಲವೋ. "ನಾಲ್ಕು ಸಾವಿರದ ಆರುನೂರಾ ಇಪ್ಪತ್ತೈದರಿಂದ ಶುರುವಾಗಿ ಎಂಟು ಸಾವಿರಕ್ಕೆ ಮುಗಿದಿದೆ, ನಡುವೆ ಒಂದು ವರ್ಷವೂ ಕೆಳಗೆ ಇಳಿದಿಲ್ಲ." ಈ ಕೊನೆಯ ತುಣುಕು ಬಹಳ ಮುಖ್ಯ. ಅದನ್ನು ಹೇಳಿದರೆ ಕೇಳುವವರು ಅರ್ಧ ಸಾಧ್ಯತೆಗಳನ್ನು ತಲೆಯಿಂದ ತೆಗೆದುಹಾಕುತ್ತಾರೆ. ಮುಂದೆ ಏನು ಹೇಳಿದರೂ ಏರಿಕೆಯೊಳಗಿನ ಮಾತು ಎಂದೇ ಹಿಡಿಯುತ್ತಾರೆ.

ಹಿಡಿಯಬೇಕು, ಆದರೆ ಯಾವಾಗಲೂ ಹಿಡಿಯುವುದಿಲ್ಲ. ಇದೇ ಗ್ರಾಫ್ ಹೇಳುವಾಗ "2018ರ ನಂತರ ಏರಿಕೆ ಕಡಿಮೆಯಾಯಿತು" ಎಂದದ್ದಕ್ಕೆ ಆಳಂದ ಕಡೆಯ ಹಿರಿಯರೊಬ್ಬರು ಕೂಡಲೇ ತಡೆದು ಕೇಳಿದ್ದರು:

"ಅಂದ್ರ ಅವಾಗ ರೇಟ್ ಇಳದಿತ್ತೇನ್ರಿ?"

"ಇಲ್ರಿ ಕಾಕಾ, ರೇಟ್ ಇಳದಿಲ್ಲ. ಏರ್ಯದ, ಖರೆ ಮೊದಲಿನಷ್ಟು ಏರಿಲ್ಲ."

ಗೆರೆ ಗ್ರಾಫ್ ಹೇಳುವಲ್ಲಿ ಕೇಳುವವರು ಅತಿ ಹೆಚ್ಚು ಎಡವುವುದು ಇಲ್ಲೇ. "ಏರಿಕೆ ಕಡಿಮೆಯಾಯಿತು", "ಹೆಚ್ಚಳ ಇಳಿಯಿತು", "ಏರಿಕೆಯ ಪ್ರಮಾಣ ಕುಸಿಯಿತು" ಎಂದರೆ ಕಿವಿಗೆ ಬೀಳುವುದು ಕೊನೆಯ ಪದ ಮಾತ್ರ, ತಲೆಯಲ್ಲಿ ಗೆರೆ ಕೆಳಕ್ಕೆ ಹೋಗಿಬಿಡುತ್ತದೆ. ಗೆರೆ ಮೇಲಕ್ಕೇ ಹೋಗುತ್ತಿರುವಾಗ ಇಳಿ, ಕುಸಿ, ಬೀಳು, ಕಡಿಮೆ ಎಂಬ ಪದಗಳನ್ನು ಬಾಯಿಗೆ ತರಲೇಬೇಡಿ. ವಾಕ್ಯವನ್ನು ಏರು ಎಂಬ ಕ್ರಿಯೆಯಿಂದಲೇ ಮುಗಿಸಿ: "ನಿಧಾನವಾಗಿ ಏರಿತು", "ಚಿಕ್ಕ ಹೆಜ್ಜೆಯಿಟ್ಟು ಏರಿತು". ಅದೇ ರೀತಿ ಗೆರೆ ಇಳಿಯುತ್ತಾ ಇದ್ದು ವೇಗ ತಗ್ಗಿದ್ದರೆ "ಸ್ವಲ್ಪ ಚೇತರಿಸಿತು" ಎನ್ನಬೇಡಿ, "ನಿಧಾನವಾಗಿ ಇಳಿಯಿತು" ಎನ್ನಿ.

ಇಳಿಜಾರಿಗೆ ಎರಡು ಅಂಕಿ ಬೇಕು

"ಜೋರಾಗಿ ಏರಿತು" ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಇಳಿಜಾರು ಕಾಣಬೇಕಾದರೆ ಎಷ್ಟು ಏರಿತು ಎಂಬುದರ ಜೊತೆಗೆ ಎಷ್ಟು ಕಾಲದಲ್ಲಿ ಎಂಬುದೂ ಬೇಕು. "ಎರಡು ವರ್ಷಕ್ಕೆ ಎಂಟುನೂರು" ಎಂದಾಗ ಗೆರೆ ಎದ್ದು ನಿಲ್ಲುತ್ತದೆ. "ಮೂರು ವರ್ಷಕ್ಕೆ ಐನೂರು ಚಿಲ್ಲರೆ" ಎಂದಾಗ ತಾನಾಗಿ ಮಲಗುತ್ತದೆ. ಕಿವಿ ಇನ್ನೂ ಸುಲಭವಾಗಿ ಹಿಡಿಯುವುದು ಒಂದೇ ವರ್ಷದ ಲೆಕ್ಕವನ್ನು: ಮೊದಲು ವರ್ಷಕ್ಕೆ ನಾನೂರರಷ್ಟು, ನಡುವೆ ಇನ್ನೂರಕ್ಕಿಂತ ಕೆಳಗೆ, ಆಮೇಲೆ ಮತ್ತೆ ಸರಾಸರಿ ನಾನೂರು. ಮೂರು ತುಂಡಿಗೂ ಒಂದೇ ಅಳತೆ ಕೊಟ್ಟಿದ್ದರಿಂದ ಕೇಳುವವರು ತಾವೇ ಹೋಲಿಸಿಕೊಳ್ಳುತ್ತಾರೆ. ಒಂದು ತುಂಡಿಗೆ ಒಟ್ಟು ರೂಪಾಯಿ, ಇನ್ನೊಂದಕ್ಕೆ ವರ್ಷದ ಸರಾಸರಿ, ಮೂರನೆಯದಕ್ಕೆ ಶೇಕಡಾ ಎಂದು ಹೇಳಿದರೆ ಯಾವ ಹೋಲಿಕೆಗೂ ದಾರಿ ಉಳಿಯದು.

ಶೇಕಡಾ ವಿಷಯದಲ್ಲಿ ಇನ್ನೊಂದು ತೊಡಕಿದೆ. ರೂಪಾಯಿ ಲೆಕ್ಕದಲ್ಲಿ ಅತಿ ದೊಡ್ಡ ಜಿಗಿತ 2024–25ರದ್ದು, 550 ರೂಪಾಯಿ. ಶೇಕಡಾ ಲೆಕ್ಕದಲ್ಲಿ ಅದು ನೂರಕ್ಕೆ ಸುಮಾರು ಎಂಟು. 2016–17ರ 425 ರೂಪಾಯಿ ಏರಿಕೆ ನೂರಕ್ಕೆ ಒಂಬತ್ತರ ಮೇಲಿದೆ, ಏಕೆಂದರೆ ಆಗ ಮೂಲ ಬೆಲೆಯೇ ಕಡಿಮೆ ಇತ್ತು. ಎರಡೂ ನಿಜ. ಆದರೆ ಗ್ರಾಫಿನ ಅಕ್ಷದಲ್ಲಿ ರೂಪಾಯಿ ಇದ್ದರೆ ಗೆರೆಯ ಕಡಿದಾದ ಏರು ತೋರಿಸುವುದು ರೂಪಾಯಿಯನ್ನೇ. ಚಿತ್ರ ಹೇಳುವಾಗ ಅದನ್ನು ಬಿಡಬೇಡಿ. ಶೇಕಡಾ ಬೇಕೆಂದವರಿಗೆ ಚಿತ್ರ ಮುಗಿದ ಮೇಲೆ ಬೇರೆಯಾಗಿ ಹೇಳಿ.

ಅಂಕಿಗಳನ್ನು ಕಿವಿಗೆ ಹಗುರ ಮಾಡಲು ದುಂಡಗೆ ಮಾಡುವುದು ಒಳ್ಳೆಯದೇ. ಆದರೆ ಎಷ್ಟು ದುಂಡಗೆ? ಸಾವಿರಕ್ಕೆ ದುಂಡು ಮಾಡಿದರೆ 5,675, 5,800, 6,000, 6,300 ಎಲ್ಲವೂ "ಆರು ಸಾವಿರ" ಆಗಿಬಿಡುತ್ತವೆ. ನಾಲ್ಕು ವರ್ಷ ಬೆಲೆ ಕದಲಲೇ ಇಲ್ಲ ಎಂದು ಕೇಳುವವರು ತಿಳಿಯುತ್ತಾರೆ. ಇದನ್ನು ತಪ್ಪಿಸಲು ನಾನು ಇಟ್ಟುಕೊಂಡಿರುವ ನಿಯಮ ಸರಳವಾದದ್ದು: ನೀವು ಹೇಳಬೇಕೆಂದಿರುವ ಅತಿ ಚಿಕ್ಕ ಹೆಜ್ಜೆ ಎಷ್ಟಿದೆಯೋ ಅದಕ್ಕಿಂತ ಚಿಕ್ಕದಕ್ಕೆ ದುಂಡು ಮಾಡಿ. ಇಲ್ಲಿ ಅತಿ ಚಿಕ್ಕ ಹೆಜ್ಜೆ 125. ಆದ್ದರಿಂದ ನೂರಕ್ಕೆ ದುಂಡು ಮಾಡಬಹುದು, ಸಾವಿರಕ್ಕಂತೂ ಆಗದು, ಐನೂರಕ್ಕೂ ಆಗದು. ಆ 125 ಮತ್ತು 550, ಅಂದರೆ ಅತಿ ಚಿಕ್ಕ ಮತ್ತು ಅತಿ ದೊಡ್ಡ ಹೆಜ್ಜೆಗಳನ್ನು ಮಾತ್ರ ಪೂರಾ ಹೇಳಿ. ಎಲ್ಲರೂ ಆಮೇಲೆ ನೆನಪಿಟ್ಟುಕೊಂಡು ಕೇಳುವುದು ಅವನ್ನೇ.

ಹಾಗಾದರೆ ಹೇಳಿ ನೋಡೋಣ

ಇಷ್ಟನ್ನೂ ಸೇರಿಸಿದರೆ ನಮ್ಮ ಭಾಗದ ಮಾತಿನಲ್ಲಿ ಹೀಗೆ ಬರುತ್ತದೆ. ಒಂದು ನಿಮಿಷದ ಮಾತು:

"ಇದು ಗೆರಿ ಗ್ರಾಫ್ ಅದರಿ. ತೊಗರಿ ಬೆಂಬಲ ಬೆಲಿದು, ಕ್ವಿಂಟಲ್‌ಗೆ ಎಷ್ಟು ರೂಪಾಯಿ ಅಂತ. ಒಂದೇ ಗೆರಿ. ಎಡಕ್ಕ 2015–16, ಬಲಕ್ಕ 2025–26. ತಳದಾಗ ನಾಲ್ಕು ಸಾವಿರ ಅದ, ಸೊನ್ನಿ ಅಲ್ಲ. ಮ್ಯಾಲ ಎಂಟು ಸಾವಿರ.

ಗೆರಿ ನಾಲ್ಕು ಸಾವಿರದ ಆರುನೂರರ ಹತ್ರ ಶುರು ಆಗಿ ಎಂಟು ಸಾವಿರಕ್ಕ ಮುಗದದ. ನಡುವ ಒಂದ್ ವರ್ಷನೂ ಇಳದಿಲ್ಲ. ಖರೆ ಏರಿದ ಜೋರು ಒಂದೇ ಸಮ ಇಲ್ಲ, ಮೂರು ತುಂಡು ಮಾಡಿ ಹೇಳ್ತೀನಿ.

ಮೊದಲ ಎರಡು ವರ್ಷ ಜೋರು ಏರ್ಯದ, ವರ್ಷಕ್ಕ ನಾನೂರರಂಗ. ಹಂಗ 2017–18ಕ್ಕ ಐದೂವರಿ ಸಾವಿರದ ಹತ್ರ ಬಂತು. ಅಲ್ಲಿಂದ ಮೂರು ವರ್ಷ ಸಣ್ಣ ಸಣ್ಣ ಹೆಜ್ಜಿ ಇಟ್ಟು ಏರ್ಯದ. ಎಲ್ಲಕ್ಕಿಂತ ಸಣ್ಣ ಹೆಜ್ಜಿ 2019–20ರಾಗ, ಬರೇ ನೂರಾ ಇಪ್ಪತ್ತೈದು ರೂಪಾಯಿ. ಹಂಗ 2020–21ಕ್ಕ ಆರು ಸಾವಿರ ಮುಟ್ತು. ಆಮ್ಯಾಲಿನ ಐದು ವರ್ಷ ಮತ್ತ ಹೆಜ್ಜಿ ದೊಡ್ಡದಾದ್ವು. ಮುನ್ನೂರು, ಮುನ್ನೂರು, ನಾನೂರು, ಆಮ್ಯಾಲ ಐನೂರಾ ಐವತ್ತು. ಇದೇ ಎಲ್ಲಕ್ಕಿಂತ ದೊಡ್ಡ ಜಿಗಿತ, 2024–25ರದು. ಕೊನೀ ವರ್ಷ ನಾನೂರಾ ಐವತ್ತು ಏರಿ ಎಂಟು ಸಾವಿರಕ್ಕ ನಿಂತದ."

ಗಮನಿಸಿ, ಪ್ರತಿ ತುಂಡಿನ ಕೊನೆಗೆ ಗೆರೆ ಎಲ್ಲಿ ನಿಂತಿದೆ ಎಂದು ಹೇಳಿದ್ದೇನೆ. ಅದನ್ನು ಬಿಟ್ಟರೆ ಕೇಳುವವರು ಪ್ರತಿ ಸಲ ಮೊದಲಿನಿಂದ ಕೂಡಿಸುತ್ತಾ ಹೋಗಬೇಕಾಗುತ್ತದೆ. ಒಂದು ತುಂಡು ಮುಗಿದ ಮೇಲೆ ಒಂದು ಉಸಿರಿನಷ್ಟು ನಿಲ್ಲಿ. ತುಂಡಿನೊಳಗೆ ನಿಲ್ಲಬೇಡಿ, ಅಲ್ಲಿ ನಿಂತರೆ ಗೆರೆ ಅಲ್ಲಿ ಬಾಗಿದೆ ಎಂದು ಕಿವಿ ತಿಳಿಯುತ್ತದೆ.

ಬೆರಳಿನಿಂದ ಮೇಜಿನ ಮೇಲೆ

ಎದುರಿಗೆ ಕುಳಿತಿರುವವರು ದೃಷ್ಟಿಯಿಲ್ಲದ ವಿದ್ಯಾರ್ಥಿಯಾದರೆ ಮಾತಿನ ಜೊತೆಗೆ ಇನ್ನೊಂದು ಅನುಕೂಲವಿದೆ. ಮೇಜನ್ನೇ ಗ್ರಾಫ್ ಮಾಡಿ. ಅವರ ಎಡಗೈ ಬದಿಯ ಅಂಚು 2015–16, ಬಲಗೈ ಬದಿಯ ಅಂಚು 2025–26. ಅವರಿಗೆ ಹತ್ತಿರದ ಅಂಚು 4,000, ಆಚೆ ದೂರದ ಅಂಚು 8,000. ಗೆರೆ ಎಡ ಅಂಚಿನಲ್ಲಿ, ಹತ್ತಿರದ ಅಂಚಿನಿಂದ ನಾಲ್ಕೈದು ಬೆರಳು ಒಳಗೆ ಶುರುವಾಗುತ್ತದೆ. ಮೇಜಿನ ಅಗಲದಲ್ಲಿ ಸರಿಯಾಗಿ ನಡುಮಧ್ಯ ಬಂದಾಗ, ಅಂದರೆ 2020–21ರಲ್ಲಿ, ಆಳದಲ್ಲೂ ಸರಿಯಾಗಿ ನಡುಮಧ್ಯ ಇರುತ್ತದೆ, ಏಕೆಂದರೆ ಆ ವರ್ಷ ಬೆಲೆ 6,000. ಕೊನೆಗೆ ಬಲಗಡೆಯ ದೂರದ ಮೂಲೆಗೆ ಹೋಗಿ ಮುಟ್ಟುತ್ತದೆ.

ಬಾಗು ಗೊತ್ತಾಗಬೇಕಾದರೆ ಒಂದು ದಾರ ಸಾಕು. ಶುರುವಿನ ಚುಕ್ಕೆಯಿಂದ ಕೊನೆಯ ಮೂಲೆಗೆ ದಾರವನ್ನು ಬಿಗಿಯಾಗಿ ಎಳೆದು ಟೇಪ್ ಹಚ್ಚಿ. ಪ್ರತಿ ವರ್ಷ ಒಂದೇ ಸಮ ಏರಿದ್ದರೆ ಬೆಲೆ ಈ ದಾರದ ಮೇಲೇ ಹೋಗುತ್ತಿತ್ತು. ನಿಜವಾದ ಗೆರೆ ಮೊದಲ ಮೂರು ವರ್ಷ ದಾರಕ್ಕಿಂತ ಸ್ವಲ್ಪ ಆಚೆ, ಅಂದರೆ ಮೇಲೆ ಹೋಗುತ್ತದೆ. 2018–19 ಮತ್ತು 2019–20ರ ನಡುವೆ ದಾರವನ್ನು ದಾಟಿ ಈಚೆಗೆ ಬರುತ್ತದೆ. ಅತಿ ಹೆಚ್ಚು ದೂರ ಇರುವುದು 2022–23ರಲ್ಲಿ, ದಾರಕ್ಕಿಂತ ಸುಮಾರು 390 ರೂಪಾಯಿ ಕೆಳಗೆ. ಅಲ್ಲಿಂದ ಮತ್ತೆ ದಾರದತ್ತ ಬಂದು ಮೂಲೆಯಲ್ಲಿ ಕೂಡಿಕೊಳ್ಳುತ್ತದೆ. ಈ ವಿವರ ಕೇಳಿದವರು ಗೆರೆಯನ್ನು ತಾವೇ ಬೆರಳಿನಿಂದ ಎಳೆಯಬಲ್ಲರು. ಯಾದಗಿರಿಯ ಒಬ್ಬ ವಿದ್ಯಾರ್ಥಿನಿ ಇದೇ ರೀತಿ ಬೆರಳು ಓಡಿಸುತ್ತಾ, "ಸರ್, ದಾರದಿಂದ ದೂರ ಆದಷ್ಟೂ ರೈತರಿಗೆ ಬಾಕಿ ಉಳದಂಗ ಅಲ್ರಿ?" ಎಂದು ಕೇಳಿದ್ದಳು. ಗ್ರಾಫ್ ಹಾಗೆ ಹೇಳುವುದಿಲ್ಲ, ದಾರ ನಾವು ಕಟ್ಟಿದ್ದು ಮಾತ್ರ. ಆದರೆ ಅವಳ ಪ್ರಶ್ನೆಯಿಂದ ಒಂದಂತೂ ಗೊತ್ತಾಯಿತು, ಗೆರೆ ಅವಳಿಗೆ ಕಂಡಿತ್ತು.

ಆಕಾರಕ್ಕೆ ಹೋಲಿಕೆ ಹುಡುಕುವಾಗ ಎಚ್ಚರ ಬೇಕು. "ವಿ ಆಕಾರದಲ್ಲಿ ಇಳಿದು ಏರಿತು", "ಎಸ್‌ನಂತೆ ಬಾಗಿದೆ" ಎಂಬ ಮಾತುಗಳು ಬ್ರೈಲ್‌ನಲ್ಲೇ ಅಕ್ಷರ ಕಲಿತವರಿಗೆ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಬ್ರೈಲ್‌ನಲ್ಲಿ ಆ ಅಕ್ಷರಗಳು ಚುಕ್ಕೆಗಳ ಜೋಡಣೆ, ಅವಕ್ಕೆ ಆ ಬಾಗು ಇಲ್ಲ. "ಮೂರು ತಿಂಗಳು ಇಳಿಯಿತು, ಆಮೇಲೆ ಅಷ್ಟೇ ವೇಗದಲ್ಲಿ ಮೂರು ತಿಂಗಳು ಏರಿ ಹೊರಟಲ್ಲಿಗೇ ಬಂತು" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಎರಡನೆಯ ಗೆರೆ ಬಂದಾಗ

ಬೆಂಬಲ ಬೆಲೆಯ ಗ್ರಾಫ್ ಒಂಟಿಯಾಗಿ ಬರುವುದು ಕಡಿಮೆ. ಪಕ್ಕದಲ್ಲಿ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ ಧಾರಣೆಯ ಗೆರೆ ಇರುತ್ತದೆ, ರೈತರಿಗೆ ಬೇಕಾದದ್ದೂ ಅದೇ. ಇಲ್ಲಿ ಅಭ್ಯಾಸಕ್ಕಾಗಿ ನಾನೇ ಕಟ್ಟಿದ ಅಂಕಿ ಕೊಡುತ್ತೇನೆ. ಇವು ಯಾವ ಮಾರುಕಟ್ಟೆಯ ದಾಖಲೆಯೂ ಅಲ್ಲ. ಬೆಂಬಲ ಬೆಲೆ 7,550 ಇರುವ ಹಂಗಾಮು ಎಂದುಕೊಳ್ಳಿ. ಧಾರಣೆ ಡಿಸೆಂಬರ್‌ನಲ್ಲಿ 8,200, ಜನವರಿಯಲ್ಲಿ 7,400, ಫೆಬ್ರವರಿಯಲ್ಲಿ 7,200, ಮಾರ್ಚ್‌ನಲ್ಲಿ 7,500, ಏಪ್ರಿಲ್‌ನಲ್ಲಿ 7,700, ಮೇ ತಿಂಗಳಲ್ಲಿ 7,900.

ಎರಡನ್ನೂ ತಿಂಗಳು ತಿಂಗಳು ಜೊತೆಜೊತೆಗೆ ಓದಿದರೆ ಹನ್ನೆರಡು ಅಂಕಿಗಳ ಗೋಜಲು. ಬದಲಿಗೆ ಸುಲಭದ ಗೆರೆಯನ್ನು ಮೊದಲು ಹೇಳಿ ಮುಗಿಸಿ. ಬೆಂಬಲ ಬೆಲೆ ಇಡೀ ಹಂಗಾಮಿಗೆ ಒಂದೇ ಇರುವುದರಿಂದ ಅದು ನೆಲದಂತೆ ಸಪಾಟ. ಆಮೇಲೆ ಎರಡನೆಯ ಗೆರೆಯನ್ನು ಅದಕ್ಕಿಂತ ಮೇಲೆಯೋ ಕೆಳಗೆಯೋ ಎಂದೇ ಹೇಳುತ್ತಾ ಹೋಗಿ: "ಧಾರಣಿ ಡಿಸೆಂಬರ್‌ದಾಗ ಬೆಂಬಲ ಬೆಲಿಗಿಂತ ಆರುನೂರಾ ಐವತ್ತು ಮ್ಯಾಲ ಇತ್ತು. ಜನವರಿ ಬರೋದ್ರಾಗ ಕೆಳಗ ಬಂತು. ಫೆಬ್ರವರಿದಾಗ ಎಲ್ಲಕ್ಕಿಂತ ಕೆಳಗ, ಮುನ್ನೂರಾ ಐವತ್ತು ಕಮ್ಮಿ. ಮಾರ್ಚ್‌ದಾಗ ಸ್ವಲ್ಪೇ ಕೆಳಗ. ಏಪ್ರಿಲ್‌ದಾಗ ಮತ್ತ ಮ್ಯಾಲ ಬಂದು, ಮೇ ಹೊತ್ತಿಗೆ ಮುನ್ನೂರಾ ಐವತ್ತು ಮ್ಯಾಲ ನಿಂತದ." ಧಾರಣೆಯ ಪೂರಾ ಅಂಕಿ ಒಂದನ್ನೂ ಹೇಳಿಲ್ಲ, ಆದರೂ ಗೆರೆ ಮೂಡುತ್ತದೆ. ಅದರ ಜೊತೆಗೆ ರೈತರು ಕೇಳಲಿರುವ ಪ್ರಶ್ನೆಗೂ ಉತ್ತರವಾಯಿತು: ಜನವರಿಯಿಂದ ಮಾರ್ಚ್‌ವರೆಗೆ, ರಾಶಿ ಮುಗಿದು ಚೀಲ ಗಂಜಿಗೆ ಬರುವ ಹೊತ್ತಿಗೇ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿತ್ತು.

ಗೆರೆಗಳು ಒಂದನ್ನೊಂದು ದಾಟುವ ಜಾಗವನ್ನು ತಿಂಗಳ ಅಂಕಿಗಳ ಗ್ರಾಫಿನಲ್ಲಿ ದಿನದ ಲೆಕ್ಕದಲ್ಲಿ ಹೇಳಬೇಡಿ. ಪರದೆಯ ಮೇಲೆ ಅದು ಜನವರಿ ಚುಕ್ಕೆಗೆ ಸ್ವಲ್ಪ ಮೊದಲು ಕಾಣುತ್ತದೆ. ಆದರೆ ಎರಡು ಚುಕ್ಕೆಗಳ ನಡುವಿನ ಗೆರೆ ಬರೆದವರು ಎಳೆದದ್ದು, ಆ ದಿನಗಳ ಧಾರಣೆ ನಿಜಕ್ಕೂ ಹಾಗೇ ಇತ್ತು ಎಂದು ಅದರಿಂದ ಹೇಳಲಾಗದು. "ಡಿಸೆಂಬರ್ ಮತ್ತು ಜನವರಿಯ ನಡುವೆ ದಾಟಿತು" ಎಂದರೆ ಅಷ್ಟೇ ಸಾಕು. ಮೊದಲಿನ ಬೆಂಬಲ ಬೆಲೆಯ ಗ್ರಾಫಿನಲ್ಲೂ ಇದೇ ಮಾತು. ಎರಡು ವರ್ಷಗಳ ನಡುವೆ ಬೆಲೆ ದಿನದಿನಕ್ಕೆ ಮೆಲ್ಲಗೆ ಏರುವುದಿಲ್ಲ, ಹೊಸ ಹಂಗಾಮಿಗೆ ಘೋಷಣೆಯಾದಾಗ ಒಮ್ಮೆಲೇ ಜಿಗಿಯುತ್ತದೆ. ಅದಕ್ಕೇ ಮೇಲಿನ ಮಾತಿನಲ್ಲಿ "ಹೆಜ್ಜೆ" ಎಂದದ್ದು.

ಕಾರಣವನ್ನು ಚಿತ್ರದೊಳಗೆ ಬೆರೆಸಬೇಡಿ

ಗ್ರಾಫ್ ಹೇಳುವವರಿಗೆ ಕಾರಣ ಸೇರಿಸುವ ಚಪಲ ಇರುತ್ತದೆ. 2016–17ರಲ್ಲಿ ದೇಶದಲ್ಲಿ ತೊಗರಿ ಭರ್ಜರಿ ಬೆಳೆದು ಗಂಜಿನ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದದ್ದು, ಖರೀದಿ ಕೇಂದ್ರಗಳ ಮುಂದೆ ಸರದಿ ನಿಂತದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆದರೆ ಬೆಂಬಲ ಬೆಲೆಯ ಗೆರೆಯಲ್ಲಿ ಅದು ಕಾಣುವುದಿಲ್ಲ. ಆ ವರ್ಷ ಆ ಗೆರೆ ಮೇಲಕ್ಕೇ ಹೋಗಿದೆ. ಗೆರೆಯ ನಡುವೆಯೇ ಈ ಕತೆ ತಂದರೆ ಕೇಳುವವರ ಮನಸ್ಸಿನ ಗೆರೆ ಅಲ್ಲಿ ಕೆಳಗೆ ಬೀಳುತ್ತದೆ.

2021ರಲ್ಲಿ ಅಮೆರಿಕದ ಎಂಐಟಿಯ ಅಲನ್ ಲಂಡ್‌ಗಾರ್ಡ್ ಮತ್ತು ಅರವಿಂದ್ ಸತ್ಯನಾರಾಯಣ್ ಗ್ರಾಫಿನ ವಿವರಣೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದರು: ಗ್ರಾಫಿನ ರಚನೆ, ಅದರ ಅಂಕಿಗಳು, ಕಾಣುವ ಏರಿಳಿತ, ಕೊನೆಗೆ ಹಿನ್ನೆಲೆ ಮತ್ತು ಕಾರಣ. ಯಾವುದು ಉಪಯುಕ್ತ ಎಂದು ದೃಷ್ಟಿಯಿರುವವರನ್ನೂ ದೃಷ್ಟಿಯಿಲ್ಲದವರನ್ನೂ ಕೇಳಿದರು. ಕಣ್ಣಿದ್ದವರು ನಾಲ್ಕನೆಯದನ್ನು ಮೆಚ್ಚಿದರೆ, ದೃಷ್ಟಿಯಿಲ್ಲದವರಲ್ಲಿ ಹೆಚ್ಚಿನವರು ಅದನ್ನೇ ಕೆಳಗಿಟ್ಟರು. ಅವರಿಗೆ ಬೇಕಾಗಿದ್ದದ್ದು ಅಂಕಿ ಮತ್ತು ಏರಿಳಿತ. ಅರ್ಥವನ್ನು ತಾವೇ ಮಾಡಿಕೊಳ್ಳಬಲ್ಲರು. ಹಾಗಾಗಿ ಕಾರಣ ಹೇಳಲೇಬೇಕೆನಿಸಿದರೆ ಗೆರೆ ಮುಗಿಸಿ, ನಿಂತು, "ಇದು ಗ್ರಾಫ್‌ದಾಗ ಇಲ್ಲರಿ, ನಾ ಹೇಳೋದು" ಎಂದು ಗುರುತು ಹಾಕಿ ಹೇಳಿ.

ಮುಟ್ಟಿತೋ ಇಲ್ಲವೋ ತಿಳಿಯುವುದು

"ತಿಳೀತೇನ್ರಿ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರಿಂದ ಏನೂ ಗೊತ್ತಾಗದು. ನೀವು ಬಾಯಿಬಿಟ್ಟು ಹೇಳದೆ ಇದ್ದ, ಆದರೆ ಗೆರೆ ಕಂಡಿದ್ದರೆ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ನಮ್ಮ ಗ್ರಾಫಿಗೆ: "2018–19ರಾಗ ಬೆಲಿ ಐದು ಸಾವಿರದ ಕೆಳಗ ಇತ್ತೋ, ಐದರಿಂದ ಆರರ ನಡುವ ಇತ್ತೋ, ಆರರ ಮ್ಯಾಲ ಇತ್ತೋ?" ಐದರಿಂದ ಆರರ ನಡುವೆ ಎಂದವರಿಗೆ ಗೆರೆ ಸಿಕ್ಕಿದೆ. ಆರರ ಮೇಲೆ ಎಂದರೆ ನಡುವಿನ ನಿಧಾನ ಅವರಿಗೆ ಮುಟ್ಟಿಲ್ಲ. ಐದರ ಕೆಳಗೆ ಎಂದರೆ ನಿಮ್ಮ ಬಾಯಿಂದ ಎಲ್ಲೋ "ಕಡಿಮೆ" ಜಾರಿದೆ. ಯಾವ ಉತ್ತರ ಬಂತು ಎಂಬುದರ ಮೇಲೆ ಆ ಒಂದು ತುಂಡನ್ನಷ್ಟೇ ಮತ್ತೆ ಹೇಳಿ, ಇಡೀ ಗ್ರಾಫನ್ನು ಮತ್ತೆ ಓದಬೇಡಿ.

ಕೊನೆಗೆ ಮೇಲಿನ ಪಟ್ಟಿಯನ್ನು ಫೋನಿಗೆ ಬರಹವಾಗಿ ಕಳಿಸಿ, ಚಿತ್ರವಾಗಿ ಬೇಡ. ಗ್ರಾಫಿನ ಫೋಟೋ ಕಳಿಸಿದರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಅದರೊಳಗಿನ ಗೆರೆಯನ್ನು ಸರಿಯಾಗಿ ಹೇಳುತ್ತದೆ ಎಂಬ ಭರವಸೆ ಇಲ್ಲ. ಒಂದು ಸಾಲಿಗೆ ಒಂದು ಹಂಗಾಮು, ಅದರ ಮುಂದೆ ಬೆಲೆ, ಹೀಗೆ ಹನ್ನೊಂದು ಸಾಲು ಬರೆದು ಕಳಿಸಿದರೆ ಅವರು ತಮಗೆ ಬೇಕಾದ ವರ್ಷದ ಸಾಲಿಗೆ ಬೆರಳು ಸರಿಸಿ ಕೇಳಿಕೊಳ್ಳುತ್ತಾರೆ.